ಆರೈಕೆಯ ಹಾಳೆಗೆ ‘ಶುದ್ಧ ಕನ್ನಡ’ ಬೇಡ

ಹಿರಿಯರನ್ನು ನೋಡಿಕೊಳ್ಳಲು ಬರುವ ಹೆಣ್ಣುಮಗಳಿಗೆ ಆಸ್ಪತ್ರೆಯ ಇಂಗ್ಲಿಷ್ ಹಾಳೆಯನ್ನು ಕನ್ನಡದಲ್ಲಿ ಬರೆದುಕೊಡುವಾಗ ಓದಿದ ಮಂದಿ ಹಿಡಿಯುವ ನಿಯಮ ಒಂದೇ. ಸಾಲಿಗೆ ಸಾಲು ಇರಬೇಕು, ಡಾಕ್ಟರರ ಮಾತಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆಗಬಾರದು, ಭಾಷೆ ಶುದ್ಧವಾಗಿರಬೇಕು. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗ ಹೀಗೇ ಬರೆದು ಕಳಿಸುತ್ತಾನೆ. ಓಣಿಯ ನಿವೃತ್ತ ಮಾಸ್ತರರು ಕಾಗುಣಿತ ತಿದ್ದಿ ಕೊಡುತ್ತಾರೆ. ಹಾಳೆ ಗೋಡೆಗೆ ಅಂಟಿದ ಮೇಲೆ ಮನೆಯವರಿಗೆಲ್ಲ ಸಮಾಧಾನ. ನನ್ನ ತಕರಾರು ಈ ನಿಯಮದ ಮೇಲೆಯೇ. ನೋಡಲು ಅದು ಎಚ್ಚರಿಕೆಯ ಹಾಗೆ ಕಾಣುತ್ತದೆ. ಕೆಲಸಕ್ಕೆ ಇಳಿದಾಗ ಮುದುಕರ ಜೀವಕ್ಕೆ ಎರವಾಗುವುದೂ ಅದೇ.

ಗದಗ, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ಬಿಡುಗಡೆಯ ದಿನ ಕೊಡುವ ಹಾಳೆಯನ್ನು ಬರೆಯುವವರು ವೈದ್ಯರು, ಓದಬೇಕೆಂದು ಅವರು ಎಣಿಸಿರುವುದು ಇನ್ನೊಬ್ಬ ವೈದ್ಯರನ್ನೋ ನರ್ಸನ್ನೋ. ಅದರಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚು. ಬಿಟ್ಟದ್ದನ್ನು ನರ್ಸ್ ತನ್ನ ತರಬೇತಿಯಿಂದ ತುಂಬಿಕೊಳ್ಳುತ್ತಾಳೆ. ಮನೆಗೆ ಬರುವ ಹೆಣ್ಣುಮಗಳಿಗೆ ಆ ತರಬೇತಿ ಇಲ್ಲ. ಅವಳಿಗೆ ಇರುವುದು ತನ್ನ ಮನೆಯ ಮುದುಕರನ್ನು ಸಾಕಿದ ಅನುಭವ. ಹಾಳೆಯ ಖಾಲಿ ಜಾಗವನ್ನು ಅವಳು ಅದರಿಂದಲೇ ತುಂಬುತ್ತಾಳೆ. ಎಷ್ಟೋ ಸಲ ಅದು ಸರಿಯಾಗಿಯೇ ಇರುತ್ತದೆ. ತಪ್ಪಾದ ಕಡೆ ಮಾತ್ರ ಭಾರಿ ತಪ್ಪಾಗುತ್ತದೆ.

ಲಕ್ಷ್ಮೇಶ್ವರದ ಒಂದು ಮನೆ ಎಂದಿಟ್ಟುಕೊಳ್ಳಿ. ಅಜ್ಜನಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಹೋಗಿವೆ. ನುಂಗುವುದು ಪೂರ್ತಿ ಸರಿಯಾಗಿಲ್ಲ. ಹಳೆಯ ಶುಗರ್ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಹೆಚ್ಚು ಹೊತ್ತು ಮಂಚದ ಮೇಲೆಯೇ. ಆಸ್ಪತ್ರೆಯ ಹಾಳೆಯನ್ನು ಮಗ ನಿಷ್ಠೆಯಿಂದ ಕನ್ನಡಕ್ಕೆ ಇಳಿಸಿದ್ದಾನೆ: ‘ಅರೆಘನ ಆಹಾರವನ್ನು ಮಾತ್ರ ನೀಡುವುದು. ತೆಳುವಾದ ದ್ರವಗಳನ್ನು ವರ್ಜಿಸುವುದು. ಪ್ರತಿ ಎರಡು ಗಂಟೆಗೊಮ್ಮೆ ಭಂಗಿ ಬದಲಿಸುವುದು. ಚರ್ಮ ಕೆಂಪಾಗುವುದನ್ನು ಗಮನಿಸುವುದು. ಬೆಳಗಿನ ಉಪಾಹಾರಕ್ಕೆ ಮುನ್ನ ಇನ್ಸುಲಿನ್ ನೀಡುವುದು. ಸಕ್ಕರೆ ಅಂಶ ಕುಸಿದಲ್ಲಿ ಸಕ್ಕರೆ ನೀರು ನೀಡುವುದು.’ ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಮಾಸ್ತರರು ಪೂರ್ತಿ ಅಂಕ ಕೊಡುತ್ತಾರೆ.

ಮೊದಲ ಎರಡು ಸಾಲು ತೆಗೆದುಕೊಳ್ಳೋಣ. ‘ಅರೆಘನ’ ಅರ್ಥವಾಗಲಿಲ್ಲ ಎಂಬುದು ಸಣ್ಣ ತೊಂದರೆ, ಯಾರನ್ನಾದರೂ ಕೇಳಿದರೆ ತೀರಿತು. ದೊಡ್ಡ ತೊಂದರೆ ಅರ್ಥವಾದ ಮೇಲೆ ಶುರುವಾಗುತ್ತದೆ. ಗಟ್ಟಿಯೂ ಅಲ್ಲದ, ನೀರೂ ಅಲ್ಲದ ಊಟ ಎಂದರೆ ಈ ಸೀಮೆಯ ಯಾವ ಹೆಣ್ಣುಮಗಳಿಗೂ ಮೊದಲು ನೆನಪಾಗುವುದು ಹಾಲಿನಲ್ಲಿ ಮುರಿದು ಹಾಕಿದ ರೊಟ್ಟಿ. ಹಲ್ಲಿಲ್ಲದ ಮುದುಕರಿಗೆ ನಾವು ಪ್ರೀತಿಯಿಂದ ಕೊಡುತ್ತ ಬಂದಿರುವುದೂ ಅದನ್ನೇ. ನುಂಗಲು ತ್ರಾಸು ಇರುವವನಿಗೆ ಅತಿ ಕಠಿಣವಾದ ತಿನಿಸುಗಳಲ್ಲಿ ಅದೂ ಒಂದು. ತೆಳು ಹಾಲು ಮೊದಲು ಗಂಟಲಿಗೆ ಓಡುತ್ತದೆ, ರೊಟ್ಟಿಯ ಚೂರು ಬಾಯಲ್ಲೇ ಉಳಿಯುತ್ತದೆ. ಸೋತ ಗಂಟಲಿಗೆ ಎರಡನ್ನೂ ಒಟ್ಟಿಗೆ ಸಂಭಾಳಿಸಲು ಆಗದೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ. ಎರಡು ಮೂರು ದಿನ ಬಿಟ್ಟು ಜ್ವರ, ಕಫ, ಆಮೇಲೆ ನ್ಯುಮೋನಿಯಾ. ಹಾಲಿನ ಬಟ್ಟಲಿಗೂ ಆ ಜ್ವರಕ್ಕೂ ನಂಟು ಇದೆಯೆಂದು ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಹಾಗಾದರೆ ಹಾಳೆಯಲ್ಲಿ ಏನಿರಬೇಕು? ನಾನಾದರೆ ಹೀಗೆ ಬರೆಯುತ್ತೇನೆ: ‘ಅಜ್ಜಾರನ್ನ ನೆಟ್ಟಗ ಕುಂದರಸ್ರಿ, ಮಲಗಿದಾಗ ಏನೂ ಬಾಯಿಗೆ ಹಾಕಬ್ಯಾಡ್ರಿ. ರೊಟ್ಟಿ-ಹಾಲು, ಅನ್ನ-ಸಾರು ಹಂಗ ಕೊಡಬ್ಯಾಡ್ರಿ, ಮಿಕ್ಸರಿಗೆ ಹಾಕಿ ನುಣ್ಣಗ ಮಾಡ್ರಿ. ಚಮಚ ವಾರೆ ಮಾಡಿದ್ರ ಮುದ್ದಿಯಾಗಿ ಒಮ್ಮೆ ಬೀಳಬೇಕು, ನೀರಿನಂಗ ಹರೀಬಾರ್ದು. ಸಣ್ಣ ಚಮಚಲೆ ಉಣಸ್ರಿ. ನುಂಗಿದ ಮ್ಯಾಲ ಬಲಗಡೆ ಗಲ್ಲದಾಗ ಉಳದೈತೇನ ನೋಡ್ರಿ, ಆಮ್ಯಾಲ ಇನ್ನೊಂದು ಚಮಚ. ಉಂಡ ಮ್ಯಾಲ ಅರ್ಧಾ ತಾಸು ಕುಂತಿರ್ಲಿ.’ ಚಮಚ ವಾರೆ ಮಾಡಿ ನೋಡುವುದು ನನ್ನ ಕಲ್ಪನೆಯಲ್ಲ. ನುಂಗುವ ತೊಂದರೆ ಇದ್ದವರ ಆಹಾರಕ್ಕೆ ಐಡಿಡಿಎಸ್ಐ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಹದ ನೋಡುವ ಈ ಪರೀಕ್ಷೆ ಅದರಲ್ಲೇ ಇದೆ. ಇಂಗ್ಲಿಷ್ ಹಾಳೆಯಲ್ಲಿ ಇದು ಇರಲಿಲ್ಲ. ಇಲ್ಲದ್ದನ್ನು ಸೇರಿಸಿದ್ದಕ್ಕೇ ಕನ್ನಡ ಹಾಳೆ ಮೂಲಕ್ಕೆ ನಿಷ್ಠವಾಯಿತು ಎಂಬುದು ನನ್ನ ವಾದ.

ಇಷ್ಟಕ್ಕೇ ಮುಗಿಯುವುದಿಲ್ಲ. ನೆತ್ತಿ ಹತ್ತಿದರೆ ನಮ್ಮ ಕಡೆ ಏನು ಮಾಡುತ್ತಾರೆ? ನೆತ್ತಿಯ ಮೇಲೆ ತಟ್ಟಿ ನೀರು ಕುಡಿಸುತ್ತಾರೆ. ಈ ಅಜ್ಜನಿಗೆ ಆ ನೀರೇ ವೈರಿ. ‘ತೆಳುವಾದ ದ್ರವಗಳನ್ನು ವರ್ಜಿಸುವುದು’ ಎಂಬ ಸಾಲು ಓದಿದ ಹೆಣ್ಣುಮಗಳೂ ನೆತ್ತಿ ಹತ್ತಿದ ಗಳಿಗೆಯಲ್ಲಿ ಚರಿಗೆಗೇ ಕೈ ಹಾಕುತ್ತಾಳೆ, ಯಾಕೆಂದರೆ ಅವಳ ಲೆಕ್ಕದಲ್ಲಿ ನೀರು ಊಟವಲ್ಲ, ಉಪಚಾರ. ಆದ್ದರಿಂದ ಅದನ್ನು ಹೆಸರಿಟ್ಟು ತಡೆಯಬೇಕು: ‘ನೆತ್ತಿ ಹತ್ತಿದ್ರ ನೀರು ಕುಡಿಸಬ್ಯಾಡ್ರಿ. ಉಣಸೂದು ನಿಂದರಸಿ, ಮುಂದಕ್ಕ ಬಗ್ಗಿಸಿ ಕೆಮ್ಮಾಕ ಬಿಡ್ರಿ. ಧ್ವನಿ ಗೊರಗೊರ ಅನ್ನಾಕತ್ತಿದ್ರ ಆ ಹೊತ್ತಿನ ಊಟ ಅಲ್ಲಿಗೇ ಸಾಕು, ಫೋನ್ ಮಾಡ್ರಿ.’ ಕೆಮ್ಮಲೂ ಆಗದೆ ಉಸಿರು ಸಿಕ್ಕಿಕೊಂಡರೆ ಬೆನ್ನಿಗೆ ಹೇಗೆ ಗುದ್ದಬೇಕು ಎಂಬುದನ್ನು ಮಾತ್ರ ಹಾಳೆಯಲ್ಲಿ ಕಲಿಸಲಾಗದು. ಅದನ್ನು ಆಸ್ಪತ್ರೆ ಬಿಡುವ ಮೊದಲು ನರ್ಸ್ ಕೈಯಿಂದಲೇ ಮಾಡಿ ತೋರಿಸಬೇಕು.

‘ಚರ್ಮ ಕೆಂಪಾಗುವುದನ್ನು ಗಮನಿಸುವುದು’ ಎಂಬ ಸಾಲಿನ ಕಥೆ ಬೇರೆಯೇ. ಮಲಗಿದಲ್ಲೇ ಮಲಗಿದವರ ಎಲುಬು ಹಾಸಿಗೆಗೆ ಒತ್ತುವ ಕಡೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಅದರ ಮೊದಲ ಗುರುತು ಕೆಂಪು ಎಂದು ಇಂಗ್ಲಿಷ್ ಹಾಳೆಗಳು ಹೇಳುತ್ತವೆ. ಹೊಲದ ಬಿಸಿಲಲ್ಲಿ ಬೆಂದ ಕಪ್ಪು ಮೈಯಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಹೆಣ್ಣುಮಗಳು ದಿನಾ ನೋಡಿ ‘ಕೆಂಪೇನೂ ಇಲ್ರಿ’ ಎನ್ನುತ್ತಾಳೆ. ಅವಳು ಹೇಳುವುದು ನಿಜವೇ, ಒಳಗೆ ಹುಣ್ಣು ಬೆಳೆಯುವುದೂ ನಿಜ. ಇಲ್ಲಿ ಅನುವಾದ ಎಷ್ಟು ನಿಖರವೋ ಅಷ್ಟು ನಿರುಪಯೋಗಿ. ಕಪ್ಪು ತೊಗಲಿನಲ್ಲಿ ಕಣ್ಣಿಗಿಂತ ಕೈಗೆ ಮೊದಲು ತಿಳಿಯುತ್ತದೆ: ‘ಮುಂಗೈ ಹಚ್ಚಿ ನೋಡ್ರಿ. ಬಾಜೂಕಿನ ತೊಗಲಿಗಿಂತ ಬಿಸಿ ಐತೇನು, ಗಟ್ಟಿ ಆಗೇತೇನು, ಮುಟ್ಟಿದ್ರ ಅಜ್ಜಾರು ಮಾರಿ ಕಿವಚ್ತಾರೇನು. ಹಂಗಿದ್ರ ಆ ಮಗ್ಗಲಾ ಮಲಗಸಬ್ಯಾಡ್ರಿ. ಎಣ್ಣಿ ಹಚ್ಚಿ ತಿಕ್ಕಬ್ಯಾಡ್ರಿ.’ ಕೊನೆಯ ವಾಕ್ಯ ಇಂಗ್ಲಿಷಿನಲ್ಲಿ ಇರಲಿಕ್ಕಿಲ್ಲ. ನಮ್ಮಲ್ಲಿ ನೋವು ಕಂಡರೆ ಎಣ್ಣೆ ಹಚ್ಚಿ ತಿಕ್ಕುವುದು ಮೊದಲ ಮದ್ದು, ಒತ್ತಿದ ಜಾಗದಲ್ಲಿ ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಕೆಡುತ್ತದೆ.

ಎಲ್ಲಿ ಮುಟ್ಟಿ ನೋಡಬೇಕು ಎಂಬುದನ್ನೂ ಬರೆಯಬೇಕಲ್ಲ. ಇಲ್ಲಿ ಶುದ್ಧ ಕನ್ನಡದವರಿಗೆ ನಾಚಿಕೆ. ‘ಪೃಷ್ಠಭಾಗ’ ಎಂದು ಬರೆದು ಮುಖ ತಿರುಗಿಸುತ್ತಾರೆ. ಹುಣ್ಣು ಹೆಚ್ಚಾಗಿ ಏಳುವುದೇ ಅಲ್ಲಿ. ‘ಕುಂಡಿ ಮ್ಯಾಲಿನ ಎಲುಬು, ಎರಡೂ ಟೊಂಕ, ಎರಡೂ ಹಿಮ್ಮಡ’ ಎಂದು ಬರೆದರೆ ಅವಳು ಐದೂ ಕಡೆ ಮುಟ್ಟಿ ನೋಡುತ್ತಾಳೆ. ಹಿಮ್ಮಡ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಕೌದಿ ಮಡಚಿ ಇಡಬೇಕೆಂದರೆ ಕೇಳದೇ ಇಡುತ್ತಾಳೆ. ಬಲಗೈ ಹಿಡಿದು ಎಳೆದು ಎಬ್ಬಿಸಬಾರದು ಎಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯಿರಿ. ಸೋತ ಕೈಯನ್ನು ಎಳೆದರೆ ಹೆಗಲಿನ ಕೀಲು ಜಾರುತ್ತದೆ. ಅಜ್ಜನ ಎದುರು ನಿಂತವಳಿಗೆ ಬಲ-ಎಡ ಅದಲುಬದಲಾಗುವುದರಿಂದ ಆ ಕೈಗೆ ಒಂದು ಬಟ್ಟೆಯ ಪಟ್ಟಿ ಕಟ್ಟುವುದು ಒಳ್ಳೆಯದು.

ಈಗ ನಿಷ್ಠಾವಂತರ ಹಾಳೆ ಪೂರ್ತಿ ಕುಸಿಯುವ ಜಾಗಕ್ಕೆ ಬರುತ್ತೇನೆ. ಎರಡನೆಯ ಸಾಲು ಹೇಳುತ್ತದೆ, ತೆಳ್ಳಗಿನದೇನೂ ಕುಡಿಸಬೇಡಿ. ಕೊನೆಯ ಸಾಲು ಹೇಳುತ್ತದೆ, ಶುಗರ್ ಇಳಿದರೆ ಸಕ್ಕರೆ ನೀರು ಕುಡಿಸಿ. ಎರಡೂ ಒಂದೇ ಹಾಳೆಯಲ್ಲಿ, ಒಂದೇ ಅಜ್ಜನಿಗೆ. ನುಂಗುವುದನ್ನು ನೋಡಿದವರು ಒಬ್ಬರು, ಶುಗರ್ ನೋಡಿದವರು ಇನ್ನೊಬ್ಬರು ಇದ್ದಾಗ ಹೀಗಾಗುವುದು ಸಹಜ. ಆಸ್ಪತ್ರೆಯಲ್ಲಿದ್ದಾಗ ಶುಗರ್ ಇಳಿದರೆ ಸಿರೆಗೆ ಗ್ಲೂಕೋಸ್ ಹಾಕುತ್ತಾರೆ, ಅಲ್ಲಿ ಎರಡು ಸಾಲುಗಳು ಎಂದೂ ಎದುರುಬದುರಾಗುವುದಿಲ್ಲ. ಮನೆಯಲ್ಲಿ ನಸುಕಿಗೆ ಅಜ್ಜ ಬೆವೆತು ಮಂಕಾದಾಗ ಎದುರಾಗುತ್ತವೆ. ಸಾಲಿಗೆ ಸಾಲು ಅನುವಾದಿಸಿದವನು ಎರಡನ್ನೂ ಶುದ್ಧವಾಗಿ ಬರೆದು ಕೈ ತೊಳೆದುಕೊಂಡಿದ್ದಾನೆ. ಯಾವುದನ್ನು ಮುರಿಯಬೇಕು ಎಂಬ ನಿರ್ಧಾರ, ಡಾಕ್ಟರರಿಗೂ ಮಗನಿಗೂ ಬಂದಿರದ ನಿರ್ಧಾರ, ತಿಂಗಳ ಪಗಾರದ ಹೆಣ್ಣುಮಗಳ ಕೊರಳಿಗೆ ಬಿದ್ದಿದೆ.

ಮಾಡುವ ಕೆಲಸವನ್ನು ಕಣ್ಣಮುಂದೆ ತಂದುಕೊಂಡು ಬರೆಯುವವನಿಗೆ ಈ ಜಗಳ ಬರೆಯುವಾಗಲೇ ಕಾಣುತ್ತದೆ. ಅವನು ಅನುವಾದ ನಿಲ್ಲಿಸಿ ಡಾಕ್ಟರರಿಗೆ ಫೋನ್ ಮಾಡುತ್ತಾನೆ. ಉತ್ತರ ಅವರದೇ ಆಗಬೇಕು, ಆದರೆ ಸಾಮಾನ್ಯವಾಗಿ ದಾರಿ ಹೀಗಿರುತ್ತದೆ: ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದು, ಪೂರ್ತಿ ಎಚ್ಚರವಿದ್ದು, ನುಂಗುತ್ತಿದ್ದರೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ 3ರಿಂದ 4 ಸಣ್ಣ ಚಮಚ, ಉಳಿದ ಊಟದ ಹದದಲ್ಲೇ ಗಟ್ಟಿ ಮಾಡಿ ಕೊಡುವುದು. 15 ನಿಮಿಷಕ್ಕೆ ಮತ್ತೆ ನೋಡುವುದು. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡುವುದು. ಹಾಳೆಯಲ್ಲಿ ಇದು ಒಂದೇ ಕಡೆ, ಒಂದರ ಹಿಂದೆ ಒಂದಾಗಿ ಇರಬೇಕು. ಗುರುತುಗಳನ್ನು ಬರೆಯುವಾಗಲೂ ಈ ಅಜ್ಜನನ್ನು ನೋಡಿ ಬರೆಯಬೇಕು. ಮಾತು ತೊದಲುವುದು ಶುಗರ್ ಇಳಿದ ಲಕ್ಷಣ ಎಂದು ಎಷ್ಟೋ ಹಾಳೆಗಳಲ್ಲಿ ಇರುತ್ತದೆ. ಲಕ್ವಾ ಹೊಡೆದ ಅಜ್ಜ ದಿನವೂ ತೊದಲುತ್ತಾನೆ. ಅವನಿಗೆ ‘ಒಮ್ಮಿಂದೊಮ್ಮೆಲೆ ತಣ್ಣಗ ಬೆವತ್ರ, ಎಡಗೈ ನಡಗಿದ್ರ, ಕರದ್ರ ಓಗೊಡದಿದ್ರ ಮೊದ್ಲ ಮೀಟರ ಹಚ್ಚಿ ನೋಡ್ರಿ’ ಎಂಬುದೇ ಸರಿ.

ಶುಗರ್ ಇಳಿಯುವುದಕ್ಕೂ ಹಾಳೆಯೇ ಕಾರಣವಾಗುವುದುಂಟು. ‘ಬೆಳಗಿನ ಉಪಾಹಾರಕ್ಕೆ ಮುನ್ನ’ ಎಂದಿತ್ತಲ್ಲ. ಈ ಭಾಗದ ಎಷ್ಟೋ ಮನೆಗಳಲ್ಲಿ ಮುಂಜಾನೆ ಎದ್ದ ಕೂಡಲೇ ಚಹಾ, ಜೊತೆಗೆ ಒಂದು ಖಾರಿಯೋ ಬಿಸ್ಕೀಟೋ. ಹೊಟ್ಟೆ ತುಂಬ ಊಟ ಹತ್ತು ಗಂಟೆಯ ಮೇಲೆ. ಉಪಾಹಾರ ಎಂದರೆ ಯಾವುದು? ಚಹಾ ಎಂದುಕೊಂಡು ಏಳಕ್ಕೆ ಇನ್ಸುಲಿನ್ ಚುಚ್ಚಿದರೆ, ಹೊಟ್ಟೆಗೆ ಸರಿಯಾದ ಊಟ ಬೀಳದೆ ಮೂರು ತಾಸು ಮದ್ದು ಕೆಲಸ ಮಾಡುತ್ತಿರುತ್ತದೆ. ನರ್ಸ್ ಆದರೆ ತಾಟು ಬಂತೇ ಎಂದು ನೋಡಿಯೇ ಸೂಜಿ ಎತ್ತುತ್ತಾಳೆ. ಅದನ್ನೇ ಹಾಳೆಗೆ ತನ್ನಿ: ‘ಮೊದ್ಲ ನಾಷ್ಟಾ ತಯಾರ ಮಾಡಿ ಮುಂದ ಇಡ್ರಿ, ಆಮ್ಯಾಲ ಸೂಜಿ. ಚಹಾ ಅಂದ್ರ ನಾಷ್ಟಾ ಅಲ್ರಿ. ಅಜ್ಜಾರು ಉಣ್ಣಾಕ ಒಲ್ಲೆ ಅಂದ್ರ ಸೂಜಿ ಹಾಕಬ್ಯಾಡ್ರಿ, ಮೊದ್ಲ ಫೋನ್ ಮಾಡ್ರಿ.’ ಸೂಜಿಗೂ ಊಟಕ್ಕೂ ನಡುವೆ ಎಷ್ಟು ನಿಮಿಷ ಎಂಬುದು ಇನ್ಸುಲಿನ್ನಿನ ಜಾತಿಯ ಮೇಲೆ ಹೋಗುತ್ತದೆ. ಹಳೆಯ ಬಗೆಯ ಮಿಶ್ರ ಇನ್ಸುಲಿನ್ನಿಗೆ ಅರ್ಧ ತಾಸು, ಹೊಸ ಬಗೆಯವಕ್ಕೆ ಅದಕ್ಕಿಂತ ಕಡಿಮೆ. ಅಂಕಿಯನ್ನು ಡಾಕ್ಟರರಿಂದಲೇ ಬರೆಸಿಕೊಳ್ಳಿ.

ಎದುರಾಳಿಗಳ ಆಕ್ಷೇಪಗಳಲ್ಲಿ ತೂಕವಿರುವುದು ಒಂದಕ್ಕೆ: ವೈದ್ಯನಲ್ಲದವನು ವೈದ್ಯರ ಮಾತಿಗೆ ಕೈ ಹಾಕಬಾರದು. ಒಪ್ಪುತ್ತೇನೆ. ಔಷಧದ ಹೆಸರು, ಅಳತೆ, ಅಂಕಿ ಇವುಗಳಲ್ಲಿ ಕೂದಲೆಳೆಯಷ್ಟೂ ಅತ್ತಿತ್ತ ಆಗಬಾರದು. ಇಂಗ್ಲಿಷಿನಲ್ಲಿರುವ ಗುಳಿಗೆಯ ಹೆಸರನ್ನು ಕಾಗದದ ಮೇಲೆ ಬರೆಯುವ ಬದಲು ಖಾಲಿ ಪಾಕೀಟನ್ನೇ ಹಾಳೆಗೆ ಅಂಟಿಸುವುದು ಇನ್ನೂ ಮೇಲು. ಆದರೆ ಹೇಗೆ ಕೂರಿಸಬೇಕು, ಯಾವುದರ ನಂತರ ಯಾವುದು, ತಪ್ಪಿದರೆ ಏನು ಎಂಬುದನ್ನು ಬರೆಯದೆ ಬಿಟ್ಟರೆ ಡಾಕ್ಟರರ ಮಾತು ಹಾಗೇ ಉಳಿಯುತ್ತದೆ ಎಂಬುದು ಭ್ರಮೆ. ಅದನ್ನು ಯಾರೋ ಒಬ್ಬರು ತುಂಬಿಯೇ ತುಂಬುತ್ತಾರೆ. ಬರೆಯುವಾಗ ಡಾಕ್ಟರರನ್ನು ಕೇಳಿ ತುಂಬುವುದೋ, ನಡುರಾತ್ರಿ ಆ ಹೆಣ್ಣುಮಗಳು ಅಂದಾಜಿನಲ್ಲಿ ತುಂಬುವುದೋ ಎಂಬುದಷ್ಟೇ ನಮ್ಮ ಆಯ್ಕೆ.

ಆಡುಮಾತಿನಲ್ಲಿ ಬರೆದರೆ ಭಾಷೆ ಕೆಡುತ್ತದೆ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ಸೀಮೆಯನ್ನು ಕವಿರಾಜಮಾರ್ಗ ಗುರುತಿಸಿದಾಗ ಅದರಲ್ಲಿ ಈ ಊರೂ ಇತ್ತು, 941ರಲ್ಲಿ ಪಂಪ ತನ್ನ ಭಾರತವನ್ನು ಮುಗಿಸಿದ್ದೂ ಪುಲಿಗೆರೆಯ ಕನ್ನಡದಲ್ಲಿ. ಅದೇ ಊರಿನ ಹೆಣ್ಣುಮಗಳ ಬಾಯಿಮಾತನ್ನು ಬರೆಯಲು ಯೋಗ್ಯವಲ್ಲ ಎನ್ನುವುದು ತಮಾಷೆಯೇ ಸರಿ. ಹಾಗೆಂದು ಇದು ಊರಭಿಮಾನದ ಪ್ರಶ್ನೆಯೂ ಅಲ್ಲ. ‘ಮಾಡಬೇಡಿ’ ಎಂದು ಬರೆದರೂ ಮುಂಡರಗಿಯವಳಿಗೆ ತಿಳಿಯುತ್ತದೆ, ಟಿವಿ ಧಾರಾವಾಹಿ ಅವಳೂ ನೋಡುತ್ತಾಳೆ. ಮೈಯ ಭಾಗ, ಹೊತ್ತು, ಊಟ, ಅಳತೆ, ಬೇನೆಯ ಗುರುತು ಇವುಗಳಲ್ಲಿ ಮಾತ್ರ ಅವಳ ಮಾತೇ ಬೇಕು. ಅದೂ ಮನೆಯಿಂದ ಮನೆಗೆ ಬೇರೆ. ಶಿರಹಟ್ಟಿ ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನದು, ಗದಗ-ಬೆಟಗೇರಿ ನೇರ ಇಂಗ್ರೇಜಿ ಆಳ್ವಿಕೆಯದು. ಮರಾಠಿ, ಉರ್ದು ಬೆರೆತ ಪ್ರಮಾಣ ಎಲ್ಲ ಕಡೆ ಒಂದೇ ಅಲ್ಲ. ತಾಂಡಾದಿಂದ ಬರುವ ಲಂಬಾಣಿ ಹೆಣ್ಣುಮಗಳಿಗೆ ಕನ್ನಡವೇ ಎರಡನೆಯ ಭಾಷೆ. ಬರೆಯುವ ಮೊದಲು ಅವಳನ್ನೇ ಕೂರಿಸಿಕೊಂಡು, ಹಿಮ್ಮಡ ಮುಟ್ಟಿ ತೋರಿಸಿ ‘ಇದಕ್ಕ ಏನಂತೀರಿ’ ಎಂದು ಕೇಳಿದರೆ ಈ ವಾದವೇ ಬೇಕಿಲ್ಲ.

ಆಡುಮಾತಿನ ಪಕ್ಷದವರಲ್ಲೂ ಒಂದು ಚಟವಿದೆ, ಎಲ್ಲವನ್ನೂ ಜಾನಪದ ಮಾಡುವುದು. ಎರಡು ತಾಸಿನ ಲೆಕ್ಕಕ್ಕೆ ಗುಡಿಯ ಗಂಟೆ, ಮಸೀದಿಯ ಬಾಂಗು, ಸಾಲಿ ಬಿಡುವ ಹೊತ್ತು ಎಂದು ಬರೆಯುತ್ತಾರೆ. ಓದಲು ಸೊಗಸು. ಬಾಂಗಿನ ಹೊತ್ತು ಸೂರ್ಯನ ಜೊತೆ ಸರಿಯುತ್ತದೆ, ರವಿವಾರ ಸಾಲಿಯೇ ಇಲ್ಲ. ಅವಳ ಕೈಯಲ್ಲಿ ಮೊಬೈಲ್ ಇದೆ, ಅಲಾರಂ ಇಟ್ಟುಕೊಡಿ. ‘1-0-1’ ಎಂಬ ಗುಳಿಗೆಯ ಲೆಕ್ಕ, ಬಿ.ಪಿ., ಶುಗರ್, ಮೀಟರ್ ಅವಳಿಗೆ ಗೊತ್ತಿರುವ ಮಾತುಗಳೇ. ಅವುಗಳನ್ನು ಬಿಡಿಸಿ ಹೇಳುವ ಉಪಕಾರ ಬೇಡ.

ಹಾಳೆ ಯಾಕೆ, ಬಾಯಲ್ಲಿ ಹೇಳಿದರೆ ಸಾಲದೇ ಎನ್ನುವವರೂ ಇದ್ದಾರೆ. ಹೇಳಿ ‘ತಿಳೀತೇನ್ರಿ’ ಎಂದು ಕೇಳಿದರೆ ‘ಹೂನ್ರಿ’ ಎಂದೇ ಉತ್ತರ ಬರುತ್ತದೆ. ಪಗಾರ ಕೊಡುವವರಿಗೆ ಬೇರೆ ಉತ್ತರ ಯಾರು ಕೊಡುತ್ತಾರೆ? ಪ್ರಶ್ನೆಯನ್ನು ತಿರುಗಿಸಿ: ‘ಅಕ್ಕಾರ, ಅಜ್ಜಾರು ಸೂಜಿ ಹಾಕಿಸಿಕೊಂಡು ಎರಡ ಚಮಚ ಉಂಡು ಸಾಕು ಅಂದ್ರು, ನೀವೇನ್ ಮಾಡ್ತೀರಿ?’ ಅವಳ ಉತ್ತರ ತಪ್ಪಿದರೆ ತಪ್ಪಿರುವುದು ಹಾಳೆ, ಅದನ್ನು ತಿದ್ದಬೇಕು. ಓದು ಬಾರದವಳಿಗೆ ಅದೇ ಮಾತನ್ನು ಮೊಬೈಲಿನಲ್ಲಿ ಧ್ವನಿಯಾಗಿ ಕಳಿಸಬಹುದು. ಆದರೆ ಅಜ್ಜ ಬೆವೆಯುತ್ತಿರುವಾಗ ಐದು ನಿಮಿಷದ ಧ್ವನಿಯಲ್ಲಿ ಬೇಕಾದ ಮಾತು ಹುಡುಕಲು ಆಗದು, ಹಾಗಾಗಿ ಶುಗರ್ ಇಳಿದಾಗಿನದು, ನೆತ್ತಿ ಹತ್ತಿದಾಗಿನದು ಎರಡು ಬೇರೆ ಬೇರೆ ಚಿಕ್ಕ ಧ್ವನಿಗಳಾಗಿರಲಿ.

ಇಷ್ಟಾದ ಮೇಲೆ ಕನ್ನಡದ ಹಾಳೆಯನ್ನು ಹಿಡಿದುಕೊಂಡು ಮುಂದಿನ ತಪಾಸಣೆಗೆ ಹೋಗಿ. ಗದಗಿನ ಡಾಕ್ಟರರೂ ಮನೆಯಲ್ಲಿ ಮಾತಾಡುವುದು ಹೆಚ್ಚಾಗಿ ಇದೇ ಕನ್ನಡವನ್ನು. ಅವರ ಮುಂದೆ ಗಟ್ಟಿಯಾಗಿ ಓದಿ, ಅವರು ತಡೆದ ಕಡೆ ಅವರ ಕೈಯಿಂದಲೇ ತಿದ್ದಿಸಿ, ತಾರೀಖು ಹಾಕಿಸಿ. ಔಷಧ ಬದಲಾದ ದಿನ ಹಳೆಯ ಹಾಳೆಯನ್ನು ಗೋಡೆಯಿಂದ ಕಿತ್ತು ಹರಿಯಿರಿ. ಎರಡು ಹಾಳೆ ಪಕ್ಕಪಕ್ಕ ಅಂಟಿದ್ದರೆ ಅವಳು ಓದುವುದು ತನಗೆ ರೂಢಿಯಾದ ಹಳೆಯದನ್ನೇ.